ಚುಚ್ಚುವ ಮುಂಚಿನ ಹತ್ತು ನಿಮಿಷ: ಬೆರಳಿನ ಶುಗರ್ ಪರೀಕ್ಷೆಯ ಭಯ ಕುರಿತು ಒಂದು ಟಿಪ್ಪಣಿ

ಮನೆಯಲ್ಲೇ ಶುಗರ್ ನೋಡಿಕೊಳ್ಳಬೇಕಾದವರು ಬೆರಳು ಚುಚ್ಚಿಸಿಕೊಳ್ಳಲು ಹೆದರಿದರೆ ಸುತ್ತಲಿನವರೆಲ್ಲ ಕೊಡುವ ಸಲಹೆ ಒಂದೇ: ಮೈ ಸಡಿಲ ಬಿಡಿ, ನಿಧಾನವಾಗಿ ಉಸಿರಾಡಿ, ಆ ಕಡೆ ನೋಡಿ. ಕೆಲವರಿಗೆ ಇದು ಸರಿಹೋಗುತ್ತದೆ. ಆದರೆ ರಕ್ತ ಕಂಡರೆ ಕಣ್ಣು ಕತ್ತಲಿಟ್ಟು ಬೀಳುವವರಿಗೆ ಮೈ ಸಡಿಲ ಬಿಡಿಸುವುದು ಉಪಕಾರಕ್ಕಿಂತ ಅಪಕಾರವನ್ನೇ ಮಾಡಬಹುದು. ಹೊರಗಿನಿಂದ ನೋಡುವವರಿಗೆ ಎಲ್ಲ ಭಯವೂ ಒಂದೇ ಥರ ಕಾಣುತ್ತದೆ. ಒಳಗೆ ನಡೆಯುವುದು ಬೇರೆ ಬೇರೆ. ಆದ್ದರಿಂದ ಭಯ ಬಿಡಿಸಲು ಹೊರಡುವ ಮೊದಲು ಅದು ಯಾವ ಭಯ ಎಂದು ಗೊತ್ತುಮಾಡಿಕೊಳ್ಳಬೇಕು. ಅದಕ್ಕೂ ಮೊದಲು, ನೋವಿನಲ್ಲಿ ಚುಚ್ಚುವವರ ಕೈಯಿಂದಲೇ ಬರುವ ಪಾಲನ್ನು ತೆಗೆದುಹಾಕಬೇಕು. ಈ ಟಿಪ್ಪಣಿ ಅದೇ ಕ್ರಮದಲ್ಲಿ ಸಾಗುತ್ತದೆ.

ಬಹುಪಾಲು ಜನ ಬೆರಳು ಚುಚ್ಚುವುದನ್ನು ಮೊದಲು ಕಾಣುವುದು ಮನೆಯಲ್ಲಲ್ಲ, ಲ್ಯಾಬಿನಲ್ಲೋ ವಾರ್ಡಿನಲ್ಲೋ. ಅಲ್ಲಿ ಚಪ್ಪಟೆ ಲ್ಯಾನ್ಸೆಟ್ಟನ್ನು ಬರಿಗೈಯಲ್ಲಿ ಹಿಡಿದು, ಬೆರಳಿಗೆ ಸ್ಪಿರಿಟ್ ಒರೆಸಿ, ಅದು ಆರುವ ಮೊದಲೇ ಬೆರಳ ತುದಿಯ ನಟ್ಟನಡುವೆ ಚುಚ್ಚುವುದುಂಟು. ಇಲ್ಲಿ ನೋವಿಗೆ ಮೂರು ಕಾರಣಗಳು ಒಟ್ಟಿಗೆ ಸೇರಿವೆ. ಹಸಿ ಸ್ಪಿರಿಟ್ ಗಾಯದೊಳಕ್ಕೆ ಇಳಿದು ಉರಿಯುತ್ತದೆ. ಕೈಯಲ್ಲಿ ಹಿಡಿದ ಸೂಜಿ ಎಷ್ಟು ಆಳಕ್ಕೆ ಹೋಗಬೇಕೆಂಬುದಕ್ಕೆ ಅಳತೆಯಿಲ್ಲ. ಬೆರಳ ತುದಿಯ ನಡುಭಾಗವಂತೂ ಮುಟ್ಟಿ ತಿಳಿಯುವ ಕೆಲಸಕ್ಕೆಂದೇ ಇರುವ ಜಾಗ. ಅಲ್ಲಿ ನರಗಳ ತುದಿಗಳು ದಟ್ಟವಾಗಿವೆ. ಅನ್ನ ಕಲಸುವಾಗ, ಪೆನ್ನು ಹಿಡಿಯುವಾಗ, ಫೋನ್ ಒತ್ತುವಾಗ ದಿನವಿಡೀ ಅದೇ ಜಾಗಕ್ಕೆ ಒತ್ತಡ ಬೀಳುತ್ತದೆ. ಮಗುವಾಗಲಿ ದೊಡ್ಡವರಾಗಲಿ ಮನೆಗೆ ಬರುವಾಗ ಈ ಅನುಭವವನ್ನು ಹೊತ್ತುಕೊಂಡೇ ಬಂದಿರುತ್ತಾರೆ.

ಮನೆಯಲ್ಲಿ ಇದನ್ನು ಸರಿಪಡಿಸುವುದು ಕಷ್ಟವಲ್ಲ. ಸೋಪು ಹಾಕಿ ಬೆಚ್ಚಗಿನ ನೀರಿನಲ್ಲಿ ಕೈ ತೊಳೆದು ಪೂರ್ತಿ ಒರೆಸಿಕೊಂಡರೆ ಸ್ಪಿರಿಟ್ ಬೇಕಾಗುವುದಿಲ್ಲ. ಇದರಲ್ಲಿ ಎರಡು ಲಾಭ. ಬೆಚ್ಚಗಾದ ಬೆರಳಿಗೆ ರಕ್ತ ಚೆನ್ನಾಗಿ ಹರಿಯುತ್ತದೆ. ಮಡಿಕೇರಿಯ ಚಳಿಗಾಲದ ಬೆಳಿಗ್ಗೆ ಇದರ ಬೆಲೆ ಗೊತ್ತಾಗುತ್ತದೆ. ಜೊತೆಗೆ ಬೆರಳಿಗೆ ಅಂಟಿದ ಹಣ್ಣಿನ ರಸ ಹೋಗುತ್ತದೆ. ಹಣ್ಣು ಸುಲಿದ ಕೈಯನ್ನು ತೊಳೆಯದೆ ಪರೀಕ್ಷಿಸಿದರೆ ಮೀಟರ್ ಸುಳ್ಳೇ ಹೆಚ್ಚಿನ ಶುಗರ್ ತೋರಿಸುತ್ತದೆ ಎಂದೂ ಸ್ಪಿರಿಟ್‌ನಿಂದ ಒರೆಸಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ ಎಂದೂ ಜಪಾನಿನ ವೈದ್ಯರು 2011ರಲ್ಲಿ ತೋರಿಸಿದ್ದಾರೆ. ಸುಳ್ಳು ಅಂಕಿ ಬಂದರೆ ಮತ್ತೊಮ್ಮೆ ಚುಚ್ಚಬೇಕು. ಹೆದರಿದವರಿಗೆ ಆ ಎರಡನೆಯ ಚುಚ್ಚು ಮೊದಲನೆಯದಕ್ಕಿಂತ ದುಬಾರಿ.

ಚುಚ್ಚಬೇಕಾದ ಜಾಗ ಬೆರಳ ತುದಿಯ ಪಕ್ಕ, ಉಗುರಿನ ಅಂಚಿಗೂ ನಡುಭಾಗಕ್ಕೂ ಮಧ್ಯೆ. ಮಧ್ಯದ ಬೆರಳು, ಉಂಗುರ ಬೆರಳುಗಳು ಒಳ್ಳೆಯವು. ಹೆಬ್ಬೆರಳು, ತೋರುಬೆರಳುಗಳಿಗೆ ದಿನದ ಕೆಲಸ ಹೆಚ್ಚು, ಅವನ್ನು ಬಿಟ್ಟರೆ ಒಳ್ಳೆಯದು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚದೆ ಸರದಿ ಹಾಕಬೇಕು. ಲ್ಯಾನ್ಸೆಟ್ಟುಗಳಲ್ಲಿ ಗೇಜ್ ಸಂಖ್ಯೆ ಹೆಚ್ಚಾದಷ್ಟೂ ಸೂಜಿ ಸಪೂರ: 28ಕ್ಕಿಂತ 30, ಅದಕ್ಕಿಂತ 33. ಒಮ್ಮೆ ಬಳಸಿದ ಸೂಜಿಯ ಮೊನೆ ಮೊಂಡಾಗುತ್ತದೆ. ಉಳಿತಾಯಕ್ಕೆಂದು ಅದನ್ನೇ ವಾರಗಟ್ಟಲೆ ಬಳಸುವ ಮನೆಗಳಲ್ಲಿ ಮಗು ‘ಇವತ್ತು ಜಾಸ್ತಿ ನೋವಾಯ್ತು’ ಅಂದರೆ ಅದು ನೆಪವಲ್ಲ. ಚುಚ್ಚುವ ಪೆನ್ನನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳುವುದಂತೂ ಕೂಡದು, ತಾತ ಮೊಮ್ಮಗಳಿಬ್ಬರಿಗೂ ಶುಗರ್ ಇದ್ದರೂ ಸರಿಯೇ. ಹೀಗೆ ಹಂಚಿಕೊಂಡದ್ದರಿಂದ ಹೆಪಟೈಟಿಸ್ ಬಿ ಹರಡಿದ ಉದಾಹರಣೆಗಳಿವೆ.

ಪೆನ್ನಿನ ತುದಿಯಲ್ಲಿ ಆಳ ಹೊಂದಿಸುವ ಅಂಕಿಗಳಿರುತ್ತವೆ. ಕರುಣೆಯಿಂದ ತಂದೆತಾಯಂದಿರು ಅದನ್ನು 1ಕ್ಕೇ ಇಟ್ಟುಬಿಡುತ್ತಾರೆ. ಚರ್ಮ ದಪ್ಪವಾಗಿದ್ದರೆ ರಕ್ತ ಬರುವುದಿಲ್ಲ, ಹಿಂಡುತ್ತಾರೆ, ಹಿಂಡಿದರೆ ಇನ್ನೂ ನೋವು, ಅಂಗಾಂಶದ ನೀರು ರಕ್ತಕ್ಕೆ ಸೇರಿ ಅಂಕಿಯೂ ಕೆಡಬಹುದು, ಸ್ಟ್ರಿಪ್ ಎರರ್ ತೋರಿಸುತ್ತದೆ, ಮತ್ತೆ ಚುಚ್ಚುತ್ತಾರೆ. ಸರಿಯಾದ ಆಳವೆಂದರೆ ಒಂದೇ ಸಲಕ್ಕೆ ಸಾಕಷ್ಟು ಹನಿ ಬರುವ ಆಳಗಳಲ್ಲಿ ಅತಿ ಕಡಿಮೆಯದು. ಈಗಿನ ಸ್ಟ್ರಿಪ್‌ಗಳಿಗೆ ಬೇಕಾದದ್ದು ಒಂದು ಮೈಕ್ರೊಲೀಟರ್ ಅಥವಾ ಅದಕ್ಕೂ ಕಡಿಮೆ, ಅಂದರೆ ಒಂದು ಮಿಲಿಲೀಟರಿನ ಸಾವಿರದಲ್ಲೊಂದು ಪಾಲಿನಷ್ಟು ರಕ್ತ. ಕೈಯನ್ನು ಕೆಳಕ್ಕೆ ಇಳಿಬಿಟ್ಟು ಬೆರಳನ್ನು ಬುಡದಿಂದ ತುದಿಯ ಕಡೆಗೆ ಮೆಲ್ಲಗೆ ನೀವಿದರೆ ಅಷ್ಟು ಬರುತ್ತದೆ.

ಮರಗಟ್ಟಿಸುವ ಮುಲಾಮು ಹಚ್ಚಬಹುದಲ್ಲ ಎಂದು ಕೇಳುವವರಿದ್ದಾರೆ. ಬೆರಳ ತುದಿಯ ದಪ್ಪ ಚರ್ಮದೊಳಕ್ಕೆ ಅದು ಸರಿಯಾಗಿ ಇಳಿಯುವುದಿಲ್ಲ, ಕೆಲಸ ಮಾಡಲು ಗಂಟೆಯಷ್ಟು ಕಾಯಬೇಕು. ದಿನಕ್ಕೆ ಹಲವು ಸಲ ಮಾಡಬೇಕಾದ ಪರೀಕ್ಷೆಗೆ ಅದು ಆಗದ ಮಾತು. ಕಾಯುವ ಹೊತ್ತನ್ನು ಅದು ಹೆಚ್ಚಿಸುತ್ತದೆ ಎಂಬುದೇ ನನ್ನ ಮುಖ್ಯ ಆಕ್ಷೇಪ.

ಇಡೀ ಸಮಸ್ಯೆಯ ಕೇಂದ್ರ ಈ ಕಾಯುವ ಹೊತ್ತು. ಪೆನ್ನಿನ ಸೂಜಿ ಚರ್ಮದೊಳಗೆ ಹೋಗಿ ಹೊರಬರುವುದು ಕೆಲವೇ ಮಿಲಿಸೆಕೆಂಡುಗಳಲ್ಲಿ. ಹೆದರಿದ ಮಗು ಅಳುವುದು ಅದಕ್ಕಿಂತ ಹತ್ತು ನಿಮಿಷ ಮೊದಲು, ಕಪಾಟಿನಿಂದ ಮೀಟರಿನ ಚೀಲ ತೆಗೆದಾಗ. ಆಗ ಮನೆಯಲ್ಲಿ ಚೌಕಾಸಿ ಶುರುವಾಗುತ್ತದೆ. ‘ಇನ್ನೊಂದು ನಿಮಿಷ ಅಮ್ಮಾ’, ‘ಈ ಬೆರಳು ಬೇಡ’, ‘ಕಾರ್ಟೂನ್ ಮುಗೀಲಿ’. ಅಮ್ಮ ಒಪ್ಪಿದ ಕ್ಷಣ ಮಗುವಿಗೆ ನಿಜವಾಗಿಯೂ ಹಾಯೆನಿಸುತ್ತದೆ. ಆ ನೆಮ್ಮದಿಯೇ ಇಲ್ಲಿ ಬಹುಮಾನ: ಮುಂದೂಡಿದರೆ ಭಯ ಇಳಿಯುತ್ತದೆ ಎಂದು ಮೈಗೆ ಪಾಠವಾಗುತ್ತದೆ, ಮುಂದಿನ ಸಲ ಚೌಕಾಸಿ ಇನ್ನೂ ಉದ್ದವಾಗುತ್ತದೆ. ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿ ಭಯವನ್ನು ಉಳಿಸುತ್ತದೆ ಎಂದು ಮನಶ್ಶಾಸ್ತ್ರದಲ್ಲಿ 1940ರ ದಶಕದಿಂದಲೂ ಹೇಳುತ್ತ ಬಂದಿದ್ದಾರೆ. ಬೆರಳು ಚುಚ್ಚುವ ಮನೆಗಳಲ್ಲಿ ಅದನ್ನು ದಿನಕ್ಕೆ ನಾಲ್ಕು ಸಲ ಕಣ್ಣಾರೆ ಕಾಣಬಹುದು.

ಸಮಾಧಾನದ ಮಾತೂ ಇಲ್ಲಿ ಉಲ್ಟಾ ಹೊಡೆಯುತ್ತದೆ. ‘ಏನೂ ಆಗಲ್ಲ ಪುಟ್ಟಾ, ಇರುವೆ ಕಚ್ಚಿದ ಹಾಗೆ ಅಷ್ಟೇ’ ಎಂದು ಅಜ್ಜಿ ಹೇಳುವುದು ಪ್ರೀತಿಯಿಂದಲೇ. ಆದರೆ ಕೆನಡಾದ ಮೆಗನ್ ಮ್ಯಾಕ್‌ಮರ್ಟ್ರಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡವರು ಸಮಾಧಾನ ಹೇಳುವಾಗ ಅವರಿಗೇ ಹೆದರಿಕೆಯಾಗಿದೆ ಎಂದು ಮಕ್ಕಳು ಅರ್ಥಮಾಡಿಕೊಳ್ಳುತ್ತಾರೆಂದು ಕಂಡುಬಂತು. ಗಮನವನ್ನು ಬೇರೆಡೆಗೆ ತಿರುಗಿಸುವ ಮಾತಿಗೆ ಆ ದೋಷ ಕಡಿಮೆ. ನಮ್ಮಲ್ಲಿ ಇನ್ನೂ ಒಂದು ತೊಡಕಿದೆ: ಊಟ ಮಾಡದಿದ್ದರೆ, ಹಟ ಮಾಡಿದರೆ ‘ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿ ಸೂಜಿ ಹಾಕಿಸ್ತೀನಿ ನೋಡು’ ಎಂದು ಹೆದರಿಸುವ ಚಾಳಿ. ಸೂಜಿ ಶಿಕ್ಷೆ ಎಂದು ಐದು ವರ್ಷ ಹೇಳಿಕೊಟ್ಟು ಆರನೆಯ ವರ್ಷದಲ್ಲಿ ಅದೇ ಸೂಜಿ ನಿನ್ನ ಒಳ್ಳೆಯದಕ್ಕೆ ಎಂದರೆ ಮಗು ನಂಬುವುದಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಮಗು ಇದ್ದರೆ ಆ ಬೆದರಿಕೆ ಅವತ್ತೇ ನಿಲ್ಲಬೇಕು, ನೆಂಟರ ಬಾಯಲ್ಲೂ.

ಹಾಗಾದರೆ ಮಾಡುವುದೇನು? ಒಂದು ಮಾದರಿಯನ್ನು ಇಟ್ಟುಕೊಂಡು ನೋಡೋಣ. ಇದು ಯಾವುದೋ ಒಂದು ಮಗುವಿನ ದಾಖಲೆಯಲ್ಲ, ಇಂಥ ಮನೆಗಳಲ್ಲಿ ನಡೆಯುವುದನ್ನು ಒಟ್ಟುಗೂಡಿಸಿ ಕಟ್ಟಿದ ಉದಾಹರಣೆ. ಏಳು ವರ್ಷದ ಹುಡುಗಿ, ಟೈಪ್ 1 ಡಯಾಬಿಟಿಸ್ ಎಂದು ತಿಳಿದು ಮೂರು ತಿಂಗಳು. ಮೂರು ಊಟದ ಮೊದಲು ಮತ್ತು ಮಲಗುವ ಮೊದಲು ಬೆರಳು ಚುಚ್ಚಬೇಕು, ಡಾಕ್ಟರು ಹೇಳಿದ ದಿನ ಇನ್ನೂ ಹೆಚ್ಚು. ಚೀಲ ಕಂಡರೆ ಮಂಚದ ಕೆಳಗೆ ಹೋಗಿ ಕೂರುತ್ತಾಳೆ. ಅಪ್ಪ ಹಿಡಿದುಕೊಳ್ಳುತ್ತಾರೆ, ಅಮ್ಮ ಚುಚ್ಚುತ್ತಾರೆ, ಮೂವರೂ ಅಳುತ್ತಾರೆ.

ಇಲ್ಲಿ ಎರಡು ಕೆಲಸಗಳನ್ನು ಬೇರ್ಪಡಿಸಬೇಕು: ನಿಜವಾದ ಪರೀಕ್ಷೆ ಒಂದು, ಅಭ್ಯಾಸ ಇನ್ನೊಂದು. ಇನ್ಸುಲಿನ್ ತೆಗೆದುಕೊಳ್ಳುವ ಮಗುವಿನ ಪರೀಕ್ಷೆಯನ್ನು ಭಯ ಕಡಿಮೆಯಾಗಲಿ ಎಂದು ನಿಲ್ಲಿಸುವಂತಿಲ್ಲ. ಆದ್ದರಿಂದ ಪರೀಕ್ಷೆಯನ್ನು ಚಿಕ್ಕದು ಮಾಡಬೇಕು. ಸಿದ್ಧತೆಯೆಲ್ಲ ಪಕ್ಕದ ಕೋಣೆಯಲ್ಲಿ ಮುಗಿದಿರಲಿ: ಪೆನ್ನಿಗೆ ಹೊಸ ಲ್ಯಾನ್ಸೆಟ್ ಹಾಕಿ, ಆಳ ಹೊಂದಿಸಿ, ಸ್ಪ್ರಿಂಗ್ ಎಳೆದು ಇಟ್ಟಿರಬೇಕು. ಸ್ಟ್ರಿಪ್ಪನ್ನು ಚುಚ್ಚುವ ಮೊದಲೇ ಮೀಟರಿಗೆ ಸಿಕ್ಕಿಸಬೇಕು. ಚುಚ್ಚಿದ ಮೇಲೆ ಡಬ್ಬಿ ಹುಡುಕುತ್ತ ಕೂತರೆ ಹನಿ ಒಣಗುತ್ತದೆ. ಆಮೇಲೆ ಮಗುವಿಗೆ ಹೇಳಿ ಬರಬೇಕು. ನಿದ್ದೆಯಲ್ಲಿದ್ದಾಗ, ಆಟದ ನಡುವೆ, ಹೇಳದೆ ಚುಚ್ಚಿದರೆ ಆ ಒಂದು ಸಲ ಅಳು ತಪ್ಪೀತು. ಆಮೇಲೆ ಮಗು ಯಾವ ಹೊತ್ತಿನಲ್ಲೂ ನಿಶ್ಚಿಂತೆಯಿಂದ ಇರುವುದಿಲ್ಲ. ರಾತ್ರಿ ನಿದ್ದೆಯಲ್ಲಿ ನೋಡಲೇಬೇಕೆಂದು ಡಾಕ್ಟರು ಹೇಳಿದ್ದರೆ ಮಲಗುವ ಮೊದಲೇ ಅವಳಿಗೆ ತಿಳಿಸಿರಬೇಕು.

ಅವಳು ಅಪ್ಪನ ತೊಡೆಯ ಮೇಲೆ ನೆಟ್ಟಗೆ ಕೂರುತ್ತಾಳೆ. ಮಲಗಿಸಿ ಅದುಮಿ ಹಿಡಿಯುವುದು ಬೇಡ. ಅಪ್ಪನ ಒಂದು ಕೈ ಅವಳ ಸೊಂಟದ ಸುತ್ತ, ಇನ್ನೊಂದು ಅವಳ ಮಣಿಕಟ್ಟನ್ನು ಮೇಜಿನ ಮೇಲೆ ಊರಿ ಹಿಡಿದಿರಲಿ. ಅವಳು ಆಯ್ಕೆ ಮಾಡುವುದು ಎರಡನ್ನು ಮಾತ್ರ: ಯಾವ ಬೆರಳು, ಬಟನ್ ಒತ್ತುವವರು ಯಾರು. ಚುಚ್ಚಿಸಿಕೊಳ್ಳಬೇಕೋ ಬೇಡವೋ, ಈಗಲೋ ಆಮೇಲೋ ಎಂಬುದು ಆಯ್ಕೆಯ ಪಟ್ಟಿಯಲ್ಲಿಲ್ಲ. ಅಮ್ಮ ಹೇಳುವ ಮಾತು ಒಂದೇ, ಅದೂ ನಿಜವಾದದ್ದು: ‘ಚುರ್ ಅನ್ನುತ್ತೆ, ನಾನು ಮೂರು ಎಣಿಸೋದರೊಳಗೆ ಹೋಗುತ್ತೆ.’ ಒತ್ತುವಾಗ ಅವಳು ಬಾಯಿ ಊದಿ ಉದ್ದಕ್ಕೆ ಗಾಳಿ ಬಿಡುತ್ತಾಳೆ, ಅಥವಾ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಅಂಕಿಗಳನ್ನು ಎಣಿಸುತ್ತಾಳೆ. ಇಂಥ ಗಮನ ತಿರುಗಿಸುವ ಉಪಾಯಗಳು ಮಕ್ಕಳ ಸೂಜಿನೋವನ್ನು ತಗ್ಗಿಸುತ್ತವೆ ಎಂದು ಕಾಕ್ರೇನ್ ಸಂಸ್ಥೆಯ 2018ರ ಪರಾಮರ್ಶೆ ಹೇಳುತ್ತದೆ. ಕೂತಾಗಿನಿಂದ ಹನಿ ಸ್ಟ್ರಿಪ್ಪಿಗೆ ತಾಕುವವರೆಗೆ ಒಂದು ನಿಮಿಷ ಮೀರಬಾರದು. ಹನಿ ಬರದಿದ್ದರೆ ಇನ್ನೊಂದೇ ಒಂದು ಸಲ, ಅದೂ ಆಳ ಒಂದಂಕಿ ಹೆಚ್ಚಿಸಿ.

ಅಭ್ಯಾಸ ನಡೆಯಬೇಕಾದದ್ದು ಬೇರೆ ಹೊತ್ತಿನಲ್ಲಿ, ಪರೀಕ್ಷೆ ಇಲ್ಲದ ಸಂಜೆ, ಹತ್ತು ನಿಮಿಷ. ಅಲ್ಲಿ ಯಾರೂ ಅವಸರ ಮಾಡುವುದಿಲ್ಲ, ಯಾರೂ ಮೋಸ ಮಾಡುವುದಿಲ್ಲ. ಮೊದಲು ಅವಳ ಭಯಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೇಳಬೇಕು. ಚೀಲ ಮೇಜಿನ ಮೇಲಿದ್ದರೆ 4. ಪೆನ್ನು ಕೈಯಲ್ಲಿ ಹಿಡಿದರೆ 5. ಪೆನ್ನಿನ ‘ಟಕ್’ ಸದ್ದು ಕೇಳಿದರೆ 8. ಚುಚ್ಚಿದರೆ 10. ಇಲ್ಲಿ ಗಮನಿಸಬೇಕಾದದ್ದು ಆ 8. ಅನೇಕ ಮಕ್ಕಳನ್ನು ಬೆಚ್ಚಿಬೀಳಿಸುವುದು ಸೂಜಿಗಿಂತ ಸ್ಪ್ರಿಂಗಿನ ಸದ್ದು; ಸದ್ದಾದೊಡನೆ ಕೈ ಎಳೆದುಕೊಂಡರೆ ಸೂಜಿ ಗೀರುತ್ತದೆ, ನೋವು ಹೆಚ್ಚುತ್ತದೆ. ಲ್ಯಾನ್ಸೆಟ್ ಇಲ್ಲದ ಖಾಲಿ ಪೆನ್ನನ್ನು ಅವಳ ಕೈಗೇ ಕೊಟ್ಟು ಗಾಳಿಯಲ್ಲಿ, ಮೇಜಿಗೆ, ಅಮ್ಮನ ಅಂಗೈಗೆ, ಕೊನೆಗೆ ತನ್ನದೇ ಬೆರಳಿಗೆ ಟಕ್ ಎನ್ನಿಸಲು ಬಿಡಬೇಕು. ಖಾಲಿ ಎಂದು ಅವಳೇ ಮುಚ್ಚಳ ತೆಗೆದು ನೋಡಿ ಖಚಿತಪಡಿಸಿಕೊಳ್ಳಲಿ. 8 ಇದ್ದದ್ದು 3ಕ್ಕೆ ಇಳಿಯುವ ತನಕ ಮುಂದಿನ ಮೆಟ್ಟಿಲು ಬೇಡ. ಆಮೇಲೆ ಲ್ಯಾನ್ಸೆಟ್ ಹಾಕಿ ಕಾಗದಕ್ಕೆ ಹೊಡೆದು ತೂತು ಎಷ್ಟು ಸಣ್ಣದಿದೆ ಎಂದು ದೀಪಕ್ಕೆ ಹಿಡಿದು ನೋಡುವುದು; ಆ ಲ್ಯಾನ್ಸೆಟ್ಟನ್ನು ಅಲ್ಲಿಗೇ ಬಿಸಾಡಬೇಕು. ಅದಾದ ಮೇಲೆ ನಿಜವಾದ ಪರೀಕ್ಷೆಯಲ್ಲಿ ಬಟನ್ ಅವಳದು.

ಇದರ ಜೊತೆ ಒಂದು ಪುಟ್ಟ ನೋಟ್‌ಬುಕ್ ಬೇಕು. ಚುಚ್ಚುವ ಮೊದಲು ಅವಳು ಎಷ್ಟು ನೋವಾಗುತ್ತದೆ ಎಂದು ಊಹಿಸಿ ಬರೆಯುತ್ತಾಳೆ, ಚುಚ್ಚಿದ ಮೇಲೆ ಎಷ್ಟಾಯಿತು ಎಂದು. ಮೊದಲ ದಿನ 9 ಮತ್ತು 4 ಇರಬಹುದು. ದಿನ ಕಳೆದಂತೆ ಎರಡನೆಯ ಅಂಕ ಹೆಚ್ಚೇನೂ ಬದಲಾಗುವುದಿಲ್ಲ, ಮೊದಲನೆಯದು ಇಳಿಯುತ್ತ ಬರುತ್ತದೆ. ಕೆಲಸ ಮಾಡುವುದು ಊಹೆಗೂ ಅನುಭವಕ್ಕೂ ನಡುವಿನ ಈ ಅಂತರ. ಹೆದರಬೇಡ ಎಂದು ಯಾರೋ ಹೇಳಿದ್ದನ್ನಲ್ಲ, ತನ್ನ ಕೈಬರಹವನ್ನು ಅವಳು ನಂಬುತ್ತಾಳೆ. ಮೊದಲನೆಯ ಅಂಕ ಇಳಿಯದೆ ಎರಡನೆಯದೇ 7, 8ರಲ್ಲಿ ನಿಂತಿದ್ದರೆ ಇದು ಭಯದ ಪ್ರಶ್ನೆಯಲ್ಲ. ಹಿಂದೆ ಹೋಗಿ ಸೂಜಿ, ಆಳ, ಜಾಗಗಳನ್ನು ನೋಡಬೇಕು. ಸ್ಟಿಕ್ಕರೋ ಇನ್ನೇನೋ ಕೊಡುವುದಾದರೆ ಕೂತು ಮುಗಿಸಿದ್ದಕ್ಕೆ ಕೊಡಬೇಕೇ ಹೊರತು ಅಳದೆ ಇದ್ದದ್ದಕ್ಕಲ್ಲ, ಮೀಟರಿನ ಅಂಕಿಗಂತೂ ಅಲ್ಲವೇ ಅಲ್ಲ.

ಒಂದು ಸಂದರ್ಭದಲ್ಲಿ ಈ ಯಾವ ವ್ಯವಸ್ಥೆಯೂ ನಡೆಯುವುದಿಲ್ಲ. ಮಗು ಬೆವರುತ್ತಿದೆ, ನಡುಗುತ್ತಿದೆ, ಮಾತು ತೊದಲುತ್ತಿದೆ ಅಂದರೆ ಶುಗರ್ ಕುಸಿದಿರಬಹುದು. ಆಗ ತಕ್ಷಣ ಪರೀಕ್ಷಿಸಬೇಕು. ಮಗು ಒಪ್ಪದಿದ್ದರೆ ಹೋರಾಟ ಮಾಡದೆ ಶುಗರ್ ಕಡಿಮೆಯಾಗಿದೆ ಎಂದೇ ತಿಳಿದು ಡಾಕ್ಟರು ಹೇಳಿಕೊಟ್ಟ ಪ್ರಮಾಣದ ಗ್ಲೂಕೋಸ್ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ದೊಡ್ಡವರು. ಅವರಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ‘ರಕ್ತ ತೆಗೆಯುವಾಗ ಯಾವತ್ತಾದರೂ ತಲೆಸುತ್ತಿ ಬಿದ್ದಿದ್ದೀರಾ? ಮನೆಯಲ್ಲಿ ಬೇರೆ ಯಾರಿಗಾದರೂ ಹಾಗಾಗುತ್ತದಾ?’ ಸಾಮಾನ್ಯ ಭಯದಲ್ಲಿ ಎದೆಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಏರಿಯೇ ಇರುತ್ತದೆ. ಹಾಗೆ ಹೆದರಿದವರು ಮೂರ್ಛೆ ಹೋಗುವುದು ಅಪರೂಪ. ರಕ್ತ, ಗಾಯ, ಸೂಜಿಗಳ ಭಯವೊಂದು ಮಾತ್ರ ಬೇರೆ. ಅಲ್ಲಿ ಎರಡೂ ಮೊದಲು ಏರಿ, ಆಮೇಲೆ ಇದ್ದಕ್ಕಿದ್ದಂತೆ ಕುಸಿಯುತ್ತವೆ. ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತದೆ. ಇದು ಮನೆತನಗಳಲ್ಲಿ ಬರುವಂಥದ್ದು. ಅಂಥ ಮನುಷ್ಯ ಹೇಡಿಯೂ ಅಲ್ಲ, ನಾಟಕ ಮಾಡುವವನೂ ಅಲ್ಲ.

ಇವರಿಗಾಗಿ ಸ್ವೀಡನ್ನಿನ ಲಾರ್ಸ್-ಗೋರಾನ್ ಓಸ್ಟ್ ಮತ್ತು ಉಲ್ಫ್ ಸ್ಟರ್ನರ್ 1987ರಲ್ಲಿ ಒಂದು ವಿಧಾನ ವಿವರಿಸಿದರು. ಅದರಲ್ಲಿ ಮಾಡುವುದು ಸಡಿಲ ಬಿಡುವುದಕ್ಕೆ ನೇರ ವಿರುದ್ಧ: ತೋಳು, ಎದೆ, ಕಾಲುಗಳ ಸ್ನಾಯುಗಳನ್ನು ಬಿಗಿಹಿಡಿಯಬೇಕು. ಮುಖ ಬಿಸಿಯಾದಂತೆ ಅನ್ನಿಸುವವರೆಗೆ, ಹತ್ತು ಹದಿನೈದು ಸೆಕೆಂಡು, ಬಿಗಿಹಿಡಿದು ಬಿಡಬೇಕು. ಬಿಡುವುದೆಂದರೆ ಪೂರ್ತಿ ಜೋಲುಬೀಳುವುದಲ್ಲ, ಮೊದಲಿನ ಸ್ಥಿತಿಗೆ ಬರುವುದಷ್ಟೇ. ಇಪ್ಪತ್ತು ಮೂವತ್ತು ಸೆಕೆಂಡು ಬಿಟ್ಟು ಮತ್ತೆ, ಹೀಗೆ ಐದು ಸಲ. ಇದನ್ನು ಮೊದಲು ಸೂಜಿಯಿಲ್ಲದೆ ದಿನವೂ ಕಲಿತು, ಆಮೇಲೆ ಪೆನ್ನು ನೋಡುತ್ತ, ಕೊನೆಗೆ ಚುಚ್ಚುವಾಗ ಬಳಸಬೇಕು. ಬಿಗಿತ ರಕ್ತದೊತ್ತಡವನ್ನು ಏರಿಸಿ ಕುಸಿತವನ್ನು ತಡೆಯುತ್ತದೆ. ಬೆರಳು ಚುಚ್ಚುವವರಿಗೆ ಇದರಲ್ಲಿ ಒಂದು ತಿದ್ದುಪಡಿ ಬೇಕು: ಚುಚ್ಚಿಸಿಕೊಳ್ಳುವ ಕೈ ಮಾತ್ರ ಸಡಿಲವಾಗಿರಲಿ, ತೊಡೆಗಳು ಮತ್ತು ಇನ್ನೊಂದು ಕೈ ಬಿಗಿಯಾಗಿರಲಿ. ಮೊದಮೊದಲು ಮಲಗಿಕೊಂಡೇ ಮಾಡಿದರೆ ಬೀಳುವ ಅಪಾಯವಿಲ್ಲ. ಹತೋಟಿಗೆ ಬಾರದ ಬಿ.ಪಿ., ಡಯಾಬಿಟಿಸ್‌ನಿಂದ ಕಣ್ಣಿನ ರೆಟಿನಾದ ತೊಂದರೆ, ಹೃದ್ರೋಗ ಇರುವವರು ಮತ್ತು ಬಸುರಿಯರು ಡಾಕ್ಟರನ್ನು ಕೇಳದೆ ಇದನ್ನು ಶುರುಮಾಡಬಾರದು.

ಸಕ್ಕರೆ ಕಾಯಿಲೆಯವರಲ್ಲಿ ಇಲ್ಲೊಂದು ಗೊಂದಲ ಹುಟ್ಟುತ್ತದೆ. ಬಿಳಿಚಿಕೊಳ್ಳುವುದು, ತಣ್ಣನೆಯ ಬೆವರು, ನಿಶ್ಶಕ್ತಿ, ಕಣ್ಣು ಮಂಜಾಗುವುದು ರಕ್ತದೊತ್ತಡ ಕುಸಿದಾಗಲೂ ಉಂಟು, ಶುಗರ್ ಕುಸಿದಾಗಲೂ ಉಂಟು. ಭಯದ ಮೂರ್ಛೆ ಸೂಜಿ ಅಥವಾ ರಕ್ತ ಕಂಡ ಮೇಲೆ ಶುರುವಾಗುತ್ತದೆ, ನಾಡಿ ನಿಧಾನವಾಗಿರುತ್ತದೆ, ಮಲಗಿ ಕಾಲು ಎತ್ತರಿಸಿದರೆ ಬೇಗ ಸರಿಹೋಗುತ್ತದೆ. ಶುಗರ್ ಕುಸಿದಾಗ ನಾಡಿ ಸಾಮಾನ್ಯವಾಗಿ ಜೋರಾಗಿರುತ್ತದೆ, ಮಲಗಿದರೆ ಏನೂ ಸರಿಹೋಗುವುದಿಲ್ಲ. ಸಂದೇಹವಿದ್ದರೆ ಮೀಟರ್ ನೋಡಬೇಕು. ನೋಡಲಾಗದಿದ್ದರೆ ಶುಗರ್ ಕುಸಿದಿದೆ ಎಂದುಕೊಂಡೇ ನಡೆಯಬೇಕು.

ಬೀಳುವವರಲ್ಲದ ದೊಡ್ಡವರಿಗೆ ಇನ್ನೊಂದು ಪ್ರಶ್ನೆ ಉಳಿದಿದೆ: ‘ನೋವೇ ಇಲ್ಲದ ಯಂತ್ರ ಕೊಟ್ಟರೆ ದಿನಾ ನೋಡಿಕೊಳ್ಳುತ್ತೀರಾ?’ ತಕ್ಷಣ ‘ಹೌದು’ ಅಂದರೆ ಮೇಲಿನ ಮೆಟ್ಟಿಲುಗಳೇ ಅವರಿಗೂ ಸಾಕು. ಉತ್ತರ ತಡವರಿಸಿದರೆ ಅವರು ಹೆದರುವುದು ಸೂಜಿಗಲ್ಲ, ಅಂಕಿಗೆ. ಮೀಟರಿನಲ್ಲಿ 240 ಬಂದಾಗ ‘ನಿನ್ನೆ ಮದುವೆ ಮನೇಲಿ ಎಷ್ಟು ಹೋಳಿಗೆ ತಿಂದ್ರಿ?’ ಎಂದು ವಿಚಾರಣೆ ಶುರುವಾಗುವ ಮನೆಯಲ್ಲಿ ಸೂಜಿ ಎಷ್ಟು ಸಪೂರವಾದರೂ ಉಪಯೋಗವಿಲ್ಲ. ಅಲ್ಲಿ ಮಾಡಬೇಕಾದದ್ದು ಮನೆಯವರ ಒಪ್ಪಂದ: ಅಂಕಿಯನ್ನು ಪುಸ್ತಕದಲ್ಲಿ ಬರೆಯುವುದು, ಅದರ ಬಗ್ಗೆ ಊಟದ ಹೊತ್ತಿನಲ್ಲಿ ಮಾತಾಡದಿರುವುದು, ಏನು ಮಾಡಬೇಕೆಂಬುದನ್ನು ಡಾಕ್ಟರಿಗೆ ಬಿಡುವುದು.

ತೋಳಿಗೆ ಅಂಟಿಸುವ ಸೆನ್ಸರ್‌ಗಳು ಬಂದ ಮೇಲೆ ಈ ಚರ್ಚೆಯೇ ಬೇಡ ಎನ್ನುವವರಿದ್ದಾರೆ. ಕೊಳ್ಳಲು ಶಕ್ತಿಯಿದ್ದವರಿಗೆ ಅದು ದೊಡ್ಡ ಬಿಡುಗಡೆಯೇ, ಒಪ್ಪುತ್ತೇನೆ. ಆದರೆ ಸೆನ್ಸರ್ ಅಳೆಯುವುದು ಚರ್ಮದಡಿಯ ದ್ರವದ ಗ್ಲೂಕೋಸನ್ನು. ಶುಗರ್ ಬೇಗ ಏರುವಾಗ, ಇಳಿಯುವಾಗ ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಮೈಗೆ ಅನ್ನಿಸುವುದಕ್ಕೂ ಸೆನ್ಸರಿನ ಅಂಕಿಗೂ ತಾಳೆಯಾಗದಿದ್ದರೆ ಬೆರಳು ಚುಚ್ಚಿಯೇ ನೋಡಬೇಕು. ಕೆಲವು ಸಾವಿರ ರೂಪಾಯಿಯ ಸೆನ್ಸರ್ ಸಾಮಾನ್ಯವಾಗಿ ಎರಡು ವಾರದಷ್ಟು ಬಾಳುತ್ತದೆ ಎಂಬ ಲೆಕ್ಕದಲ್ಲಿ ನಮ್ಮ ಬಹುಪಾಲು ಮನೆಗಳಿಗೆ ಬೆರಳೇ ಗತಿ.

ಮೂರು ನಾಲ್ಕು ವಾರ ಹೀಗೆ ನಡೆಸಿದರೂ ಊಹೆಯ ಅಂಕ ಇಳಿಯದಿದ್ದರೆ, ಪರೀಕ್ಷೆಗಳು ತಪ್ಪುತ್ತಲೇ ಇದ್ದರೆ, ಅಥವಾ ಭಯದಿಂದ ಇನ್ಸುಲಿನ್ನೂ ತಪ್ಪುತ್ತಿದ್ದರೆ ಮನೆಯವರಷ್ಟೇ ಹೆಣಗುವುದು ಬೇಡ. ಶುಗರ್ ನೋಡುವ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಭಯಕ್ಕೆ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞರ ಬಳಿಗೆ ಅವರು ಕಳಿಸಬಲ್ಲರು. ಹತ್ತಿರದಲ್ಲಿ ಅಂಥವರಿಲ್ಲದ ಊರಿನವರು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ಕರೆಮಾಡಬಹುದು. ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.